ಹಸಿ ಅಡಿಕೆಯ ತೂಕದಿಂದ ಒಣ ರಾಶಿಯ ಅಂದಾಜು: ನಮ್ಮ ತೋಟದ ಶೀಟ್ ರಿಪೇರಿ ಮಾಡಿದ್ದು

ಶಿರಸಿ ಕಡೆ ಅಡಿಕೆ ಕೊಯ್ಲಿನ ಮನೆಗಳಲ್ಲಿ ಒಂದು ಲೆಕ್ಕ ಎಲ್ಲರ ಬಾಯಲ್ಲೂ ಇರುತ್ತದೆ. ಒಂದು ಕ್ವಿಂಟಲ್ ಹಸಿ ಅಡಿಕೆ ಸುಲಿದು, ಬೇಯಿಸಿ, ಒಣಗಿಸಿದರೆ ಹದಿಮೂರು ಕೆಜಿ ಆಸುಪಾಸು ರಾಶಿ ಸಿಗುತ್ತದೆ ಅಂತ. ನಮ್ಮ ಮನೆಯ ಎಕ್ಸೆಲ್ ಶೀಟಿನಲ್ಲೂ ಇದೇ ಬಗೆಯ ಒಂದು ಅನುಪಾತ ಕೂತಿತ್ತು. ಒಣ ತೂಕವನ್ನು ಹಸಿ ತೂಕದಿಂದ ಭಾಗಿಸಿ, ಎಲ್ಲ ಕೊಯ್ಲುಗಳ ಸರಾಸರಿ ತೆಗೆದು, ಮುಂದಿನ ಕೊಯ್ಲಿನ ಹಸಿ ತೂಕಕ್ಕೆ ಅದನ್ನೇ ಗುಣಿಸುವುದು. ಎಷ್ಟು ಚೀಲ ಬೇಕು, ಸೊಸೈಟಿಗೆ ಯಾವಾಗ ಒಯ್ಯಬಹುದು ಅನ್ನೋದಕ್ಕೆಲ್ಲ ಅದೇ ಆಧಾರ.

ಆದರೆ ಆ ಅಂದಾಜು ಒಂದೇ ರೀತಿಯಲ್ಲಿ ತಪ್ಪುತ್ತಿತ್ತು. ಸಣ್ಣ ಕೊಯ್ಲಿನಲ್ಲಿ ಹೇಳಿದ್ದಕ್ಕಿಂತ ಕಡಿಮೆ ಬರುತ್ತಿತ್ತು, ದೊಡ್ಡ ಕೊಯ್ಲಿನಲ್ಲಿ ಜಾಸ್ತಿ. ಚಿಕ್ಕಪ್ಪನನ್ನು ಕೇಳಿದರೆ, "ಸಣ್ಣ ಕೊಯ್ಲಿಗೆ ಯಾವಾಗ್ಲೂ ಹಾಗೇ, ಒಣಗಿದ್ದು ಕಡಿಮೆ ಬೀಳ್ತದೆ" ಎಂದರು. ಅವರ ಅನುಭವದ ಮಾತು ಅದು, ಅಂಕಿಯಲ್ಲೂ ಹಾಗೇ ಕಾಣುತ್ತಿತ್ತು. ಆದರೆ ಕಾರಣ ಏನು? ಅದೇ ತೋಟ, ಅದೇ ಹದ, ಅದೇ ಹಂಡೆ, ಅದೇ ಬಿಸಿಲು. ಕಡಿಮೆ ಕೊಯ್ದರೆ ಪ್ರತಿ ಅಡಿಕೆಯೂ ಹಗುರ ಆಗೋದಕ್ಕೆ ಸಾಧ್ಯವಿಲ್ಲ ಅಲ್ವಾ?

ಮೊದಲು ಲೆಕ್ಕದ ಪುಸ್ತಕದಿಂದ ಒಂದೇ ಹದದ ಎಂಟು ಕೊಯ್ಲು ಆರಿಸಿದೆ. ಎಲ್ಲವೂ ರಾಶಿಗೆ ಕೊಯ್ದದ್ದು, ಚಾಲಿ ಒಂದೂ ಇಲ್ಲ. ಪ್ರತಿ ಕೊಯ್ಲನ್ನೂ ಬೇರೆಯಾಗಿಯೇ ಒಣಗಿಸಿ ತೂಗಿದ್ದರು, ಹಾಗಾಗಿ ಯಾವ ಹಸಿಗೆ ಯಾವ ಒಣ ಅನ್ನೋದು ಖಚಿತ. ಓದಲು ಸುಲಭ ಆಗಲಿ ಅಂತ ಹಸಿ ತೂಕದ ಏರಿಕೆಯಲ್ಲಿ ಜೋಡಿಸಿದೆ. B ಕಾಲಮ್ಮಿನಲ್ಲಿ ಗೊನೆಯಿಂದ ಬಿಡಿಸಿದ, ಇನ್ನೂ ಸುಲಿಯದ ಹಸಿ ಅಡಿಕೆ. C ಕಾಲಮ್ಮಿನಲ್ಲಿ ಒಣ ರಾಶಿ. ಎರಡೂ ಕೆಜಿಯಲ್ಲಿ. ಕೊನೆಯದು ಹಳೆಯ ಶೀಟಿನ ಅನುಪಾತ.

```
  B      C      C/B
 212    24.8   0.117
 265    30.9   0.117
 298    36.2   0.121
 340    40.6   0.119
 376    46.3   0.123
 421    51.2   0.122
 458    56.1   0.122
 510    63.6   0.125
```

ಅನುಪಾತದ ಕಾಲಮ್ಮನ್ನು ಮೇಲಿನಿಂದ ಕೆಳಗೆ ಓದಿ. ಅಲ್ಲಲ್ಲಿ ಏರಿಳಿತ ಇದೆ, ಆದರೂ ಒಟ್ಟಾರೆ ಏರುತ್ತಲೇ ಹೋಗುತ್ತದೆ. ಸರಾಸರಿ 0.121 ಎಂದು ಒಂದೇ ಸಂಖ್ಯೆ ಇಟ್ಟರೆ ಮೇಲಿನವಕ್ಕೆ ಜಾಸ್ತಿ, ಕೆಳಗಿನವಕ್ಕೆ ಕಡಿಮೆ ಹೇಳುತ್ತದೆ. ಹಳೆಯ ಶೀಟಿನ ತೊಂದರೆ ಇದೇ. ಅನುಪಾತ ಅಂದರೆ ಸೊನ್ನೆಯಿಂದಲೇ ಹೊರಡಬೇಕಾದ ಗೆರೆ. ಹಸಿ ಸೊನ್ನೆ ಇದ್ದರೆ ಒಣವೂ ಸೊನ್ನೆ ಅಂತ ಅದು ಮೊದಲೇ ತೀರ್ಮಾನ ಮಾಡಿಬಿಡುತ್ತದೆ. ನಮ್ಮ ಅಂಕಿಗಳು ಆ ಗೆರೆಯ ಮೇಲೆ ಕೂರುತ್ತಿಲ್ಲ.

ಆದ್ದರಿಂದ ಗೆರೆ ಎಲ್ಲಿಂದ ಹೊರಡಬೇಕು ಅನ್ನೋದನ್ನು ಅಂಕಿಗಳೇ ಹೇಳಲಿ ಅಂತ ಬಿಟ್ಟೆ. ಗೆರೆಯ ಓರೆ ಎಷ್ಟು, ಅದು ಎಲ್ಲಿಂದ ಹೊರಡುತ್ತದೆ, ಅಂಕಿಗಳು ಅದಕ್ಕೆ ಎಷ್ಟು ಹೊಂದುತ್ತವೆ ಅನ್ನೋದಕ್ಕೆ ಕ್ರಮವಾಗಿ H2, H3, H4 ಕೋಶಗಳಲ್ಲಿ ಈ ಮೂರು ಸೂತ್ರ:

```
=SLOPE(C2:C9, B2:B9)
=INTERCEPT(C2:C9, B2:B9)
=RSQ(C2:C9, B2:B9)
```

ಇಲ್ಲಿ ಒಂದು ಜಾಗದಲ್ಲಿ ನಿಧಾನ ಮಾಡಬೇಕು. ಮೊದಲು ಬರೆಯಬೇಕಾದದ್ದು C, ಅಂದರೆ ನಾವು ಊಹಿಸಬೇಕಾದ ಕಾಲಮ್. ಗೊತ್ತಿರುವ ಹಸಿ ತೂಕ ಆಮೇಲೆ. ಶೀಟಿನಲ್ಲಿ B ಮೊದಲು ಕಾಣುವುದರಿಂದ ಕೈ ತಾನಾಗಿ B ಕಡೆಗೇ ಹೋಗುತ್ತದೆ. ತಿರುಗಿಸಿ ಹಾಕಿದರೂ ಎಕ್ಸೆಲ್ ದೂರುವುದಿಲ್ಲ, ಬೇರೆ ಉತ್ತರ ಕೊಡುತ್ತದೆ ಅಷ್ಟೇ. ನಮ್ಮ ಅಂಕಿಗೆ ಸರಿಯಾದ ಸ್ಲೋಪ್ 0.1297. ತಿರುಗಿಸಿದರೆ 7.70, ಅಂದರೆ ಒಂದು ಕೆಜಿ ಒಣಕ್ಕೆ ಎಷ್ಟು ಕೆಜಿ ಹಸಿ ಅನ್ನೋ ಬೇರೆಯೇ ಪ್ರಶ್ನೆಯ ಉತ್ತರ. ಇಲ್ಲಿ ವ್ಯತ್ಯಾಸ ದೊಡ್ಡದು, ಕಣ್ಣಿಗೆ ಬೀಳುತ್ತದೆ. ಎರಡೂ ಕಾಲಮ್ಮಿನ ಅಂಕಿಗಳು ಹತ್ತಿರ ಹತ್ತಿರ ಇದ್ದರೆ, ಉದಾಹರಣೆಗೆ ಬೇಯಿಸುವ ಮೊದಲಿನ ತೂಕ ಮತ್ತು ಆಮೇಲಿನ ತೂಕ, ಗೊತ್ತೇ ಆಗುವುದಿಲ್ಲ. RSQ ನೋಡಿ ಪತ್ತೆ ಹಚ್ಚೋಣ ಅಂದರೆ ಅದೂ ಆಗದು. ಯಾವ ಕಡೆಯಿಂದ ಹಾಕಿದರೂ RSQ ಒಂದೇ ಬರುತ್ತದೆ. ಹಾಗಾಗಿ ನಾನು ಸ್ಲೋಪಿನ ಪಕ್ಕದ ಕೋಶದಲ್ಲಿ "ಒಂದು ಕೆಜಿ ಹಸಿಗೆ ಇಷ್ಟು ಕೆಜಿ ಒಣ" ಅಂತ ಬರೆದೇ ಇಡುತ್ತೇನೆ. ಸಂಖ್ಯೆಯನ್ನು ಆ ವಾಕ್ಯದ ಜೊತೆ ಓದಿದರೆ ತಿರುವುಮುರುವು ಆಗಿದ್ದು ತಕ್ಷಣ ಕಾಣುತ್ತದೆ.

ಇನ್ನೊಂದು ಸಣ್ಣ ವಿಷಯ. ಯಾರಾದರೂ ಕೋಶದಲ್ಲಿ "36.2 ಕೆಜಿ" ಅಂತ ಟೈಪ್ ಮಾಡಿದ್ದರೆ ಅದು ಅಕ್ಷರ, ಸಂಖ್ಯೆ ಅಲ್ಲ. ಈ ಸೂತ್ರಗಳು ಅದನ್ನು ಸುಮ್ನೆ ಬಿಟ್ಟುಬಿಡುತ್ತವೆ. ಖಾಲಿ ಕೋಶವನ್ನೂ ಬಿಡುತ್ತವೆ, ಆದರೆ ಸೊನ್ನೆ ಹಾಕಿದ್ದರೆ ಅದನ್ನು ನಿಜವಾದ ತೂಕ ಅಂತಲೇ ಹಿಡಿಯುತ್ತವೆ. ಇನ್ನೂ ಒಣಗದ ಕೊಯ್ಲಿಗೆ 0 ಬರೆದಿಡುವ ಅಭ್ಯಾಸ ಇದ್ದರೆ ಗೆರೆ ಪೂರ್ತಿ ಹಾಳು. ಖಾಲಿ ಬಿಡಿ. ಎರಡೂ ಕಾಲಮ್ಮಿಗೆ COUNT ಹಾಕಿ ಎಂಟೆಂಟು ಬರುತ್ತದಾ ನೋಡಿಕೊಳ್ಳಿ.

ಬಂದ ಉತ್ತರ ಹೀಗಿತ್ತು. ಸ್ಲೋಪ್ 0.1297, ಇಂಟರ್ಸೆಪ್ಟ್ -2.97, RSQ 0.9987.

ಸ್ಲೋಪ್ ನೋಡಿ. ಕ್ವಿಂಟಲಿಗೆ 12.97, ಅಂದರೆ ಹಿರಿಯರು ಹೇಳುವ ಹದಿಮೂರೇ. ನಮ್ಮ ಶೀಟ್ ಅದನ್ನು 12.1 ಅಂತ ತೋರಿಸುತ್ತಿತ್ತು. ನನಗೆ ಹೆಚ್ಚು ಕುತೂಹಲ ಹುಟ್ಟಿಸಿದ್ದು ಇಂಟರ್ಸೆಪ್ಟ್. ಹಸಿ ಅಡಿಕೆ ಸೊನ್ನೆ ಇದ್ದಾಗ ಒಣ ಅಡಿಕೆ ಮೈನಸ್ ಮೂರು ಕೆಜಿ ಅಂತ ಅದು ಹೇಳುತ್ತದೆ. ಅಂಥದ್ದು ಪ್ರಪಂಚದಲ್ಲಿ ಇಲ್ಲ. ಇಲ್ಲಿ "ಗಣಿತ ಅಂದಮೇಲೆ ಸ್ವಲ್ಪ ಹಾಗೇ" ಅಂತ ಮುಂದೆ ಹೋಗಬಹುದು. ನಾನು ಹೋಗಲಿಲ್ಲ. ಸೊನ್ನೆಯಿಂದಲೇ ಹೊರಡಬೇಕಾದ ವಸ್ತು ಸೊನ್ನೆಯಿಂದ ಹೊರಡದಿದ್ದರೆ ಅಳತೆಯಲ್ಲಿ ಏನೋ ಸೇರಿಕೊಂಡಿದೆ ಅಂತಲೇ ಅರ್ಥ.

ಏನು ಸೇರಿದೆ ಅಂತ ಗೆರೆಯನ್ನೇ ಕೇಳಬಹುದು. ಒಣ ತೂಕ ಸೊನ್ನೆ ಆಗುವ ಜಾಗದಲ್ಲಿ ಹಸಿ ತೂಕ ಎಷ್ಟಿರುತ್ತದೆ?

```
=-H3/H2
```

22.9 ಬಂತು. ಅಂದರೆ ಕಾಟಾ ಸುಮಾರು 23 ಕೆಜಿ ತೋರಿಸುವಾಗ ಅದರ ಮೇಲೆ ಅಡಿಕೆಯೇ ಇಲ್ಲ. ಅಡಿಕೆ ಅಲ್ಲದ 23 ಕೆಜಿ ಪ್ರತಿ ಸಲವೂ, ಕೊಯ್ಲು ಸಣ್ಣದಿರಲಿ ದೊಡ್ಡದಿರಲಿ, ತೂಕದ ಜೊತೆ ಬರುತ್ತಿದೆ.

ಇದನ್ನು ಹಿಡಿದುಕೊಂಡು ಕೊಟ್ಟಿಗೆ ಪಕ್ಕದ ಕಾಟಾ ಹತ್ತಿರ ಹೋದೆ. ಒಂದು ಟನ್ ತೂಗುವ ಹಳೆಯ ಕಬ್ಬಿಣದ ಕಾಟಾ ಅದು. ಚೀಲಗಳನ್ನು ಒತ್ತಾಗಿ ಜೋಡಿಸಲು ಅದರ ತಟ್ಟೆ ಚಿಕ್ಕದು ಅಂತ ಮೇಲೆ ದಪ್ಪ ಹಲಗೆಗಳ ಒಂದು ಚೌಕಟ್ಟು ಇಟ್ಟಿದ್ದಾರೆ. ಅದನ್ನು ಸೊನ್ನೆ ಮಾಡಿಕೊಂಡೇ ತೂಗುತ್ತಾರೆ ಅಂತ ಎಲ್ಲರ ನಂಬಿಕೆ. "ಅದು ಅಪ್ಪಯ್ಯನ ಕಾಲದಿಂದ ಅಲ್ಲೇ ಇದೆಯಲ್ಲ, ಕಾಟಾದ್ದೇ ಭಾಗ ಅದು" ಎಂದರು ಚಿಕ್ಕಪ್ಪ. ಇಬ್ಬರೂ ಹಿಡಿದು ಕೆಳಗಿಳಿಸಿದೆವು. ಕಾಟಾ ಸರಿಯಾಗಿ ಸೊನ್ನೆಗೆ ಬಂತು. ಮತ್ತೆ ಮೇಲಿಟ್ಟೆವು, 24 ಕೆಜಿ.

ಒಣ ರಾಶಿಯನ್ನು ಬೇರೆ ಎಲೆಕ್ಟ್ರಾನಿಕ್ ತಕ್ಕಡಿಯಲ್ಲಿ ತೂಗುವುದರಿಂದ ಆ ಕಾಲಮ್ಮಿಗೆ ಇದರ ಕಾಟ ಇರಲಿಲ್ಲ. ಇದ್ದಿದ್ದರೆ ಎರಡೂ ಕಡೆ ಸೇರಿ ಇಂಟರ್ಸೆಪ್ಟ್ ಬೇರೆ ಕಥೆ ಹೇಳುತ್ತಿತ್ತು.

ಗೆರೆ ಹೇಳಿದ್ದು 22.9, ಹಲಗೆ 24. ಈ ಒಂದು ಕೆಜಿ ಚಿಲ್ಲರೆಯ ವ್ಯತ್ಯಾಸಕ್ಕೆ ತಲೆ ಕೆಡಿಸಿಕೊಳ್ಳಬೇಕಾ? ಬೇಡ, ಮತ್ತು ಬೇಡ ಅನ್ನೋದನ್ನೂ ಶೀಟೇ ಹೇಳುತ್ತದೆ. ನಮ್ಮ ಅತಿ ಸಣ್ಣ ಕೊಯ್ಲು 212 ಕೆಜಿ. ಅಲ್ಲಿಂದ ಸೊನ್ನೆಯವರೆಗೆ ಅಂಕಿಯೇ ಇಲ್ಲ, ಗೆರೆಯನ್ನು ನಾವು ಎಳೆದುಕೊಂಡು ಹೋಗಿದ್ದೇವೆ. ಸ್ಲೋಪಿನಲ್ಲಿ ಕೂದಲೆಳೆಯಷ್ಟು ಆಚೀಚೆ ಆದರೂ ಸೊನ್ನೆಯ ಹತ್ತಿರ ಅದು ದೊಡ್ಡದಾಗುತ್ತದೆ. ಎಷ್ಟು ದೊಡ್ಡದು ಅಂತ ಇದರಿಂದ ತಿಳಿಯುತ್ತದೆ:

```
=INDEX(LINEST(C2:C9, B2:B9, TRUE, TRUE), 2, 2)
```

ಇದು ಇಂಟರ್ಸೆಪ್ಟಿನ ಅನಿಶ್ಚಿತತೆ. 0.72 ಬಂತು. ಅದನ್ನು ಸ್ಲೋಪಿನಿಂದ ಭಾಗಿಸಿದರೆ ಐದೂವರೆ ಕೆಜಿ. ಹಾಗಾಗಿ 22.9 ಅನ್ನೋದನ್ನು "ಇಪ್ಪತ್ಮೂರು, ಐದಾರು ಕೆಜಿ ಆಚೀಚೆ" ಅಂತ ಓದಬೇಕು. 24 ಅದರೊಳಗೆ ಆರಾಮಾಗಿ ಕೂರುತ್ತದೆ. ಇನ್ನೊಂದು ಕಡೆಯಿಂದ ನೋಡಿದರೆ -2.97 ಅನ್ನೋದು 0.72ರ ನಾಲ್ಕು ಪಟ್ಟು. ಸುಮ್ನೆ ಅಂಕಿಯ ಏರಿಳಿತದಿಂದ ಇಷ್ಟು ದೂರ ಬರುವುದು ಕಷ್ಟ. ಇಂಟರ್ಸೆಪ್ಟ್ -0.5 ಬಂದಿದ್ದರೆ ನಾನು ಕಾಟಾ ಬಿಚ್ಚಲು ಹೋಗುತ್ತಿರಲಿಲ್ಲ.

ಇಲ್ಲೊಂದು ಮಿತಿಯೂ ಇದೆ. ಹಸಿ ಅಡಿಕೆಯನ್ನು ಗೋಣಿಚೀಲದ ಸಮೇತ ತೂಗುತ್ತೇವೆ. ಆ ಚೀಲದ ತೂಕ ಇಂಟರ್ಸೆಪ್ಟಿನಲ್ಲಿ ಕಾಣುವುದಿಲ್ಲ. ಅಡಿಕೆ ಜಾಸ್ತಿ ಆದಂತೆ ಚೀಲವೂ ಜಾಸ್ತಿ, ಆದ್ದರಿಂದ ಅದು ಸ್ಲೋಪಿನೊಳಗೆ ಅಡಗಿ ಕೂತು ಅದನ್ನು ಚೂರು ಇಳಿಸುತ್ತದೆ. ಪ್ರತಿ ಸಲ ಒಂದೇ ಆಗಿ ಸೇರುವ ತೂಕವನ್ನು ಮಾತ್ರ ಗೆರೆ ಬೇರ್ಪಡಿಸಿ ತೋರಿಸಬಲ್ಲದು. ನಮ್ಮ ಅಂದಾಜಿಗೆ ಚೀಲದಿಂದ ತೊಂದರೆ ಇಲ್ಲ, ಮುಂದೆಯೂ ಅದೇ ಚೀಲದಲ್ಲೇ ತೂಗುತ್ತೇವಲ್ಲ.

ಈಗ ಶೀಟ್ ರಿಪೇರಿ. ಚೌಕಟ್ಟನ್ನು ತೆಗೆದು, ಕಾಟಾದ ಸುತ್ತ ಚೀಲ ಬೀಳದಂತೆ ಪಕ್ಕದಲ್ಲಿ ಆಸರೆ ಕೊಟ್ಟೆವು. ಹಳೆಯ ಎಂಟು ಸಾಲಿನ B ಕಾಲಮ್ಮಿನಿಂದ 24 ಕಳೆದೆ. ಇದನ್ನು ಮಾಡದೆ ಹೊಸ ತೂಕಗಳನ್ನು ಕೆಳಗೆ ಸೇರಿಸುತ್ತಾ ಹೋಗಿದ್ದರೆ ಎರಡು ಬೇರೆ ಗೆರೆಗಳ ಬಿಂದುಗಳು ಒಂದೇ ಪಟ್ಟಿಯಲ್ಲಿ ಕಲಸಿಹೋಗುತ್ತಿದ್ದವು. ಕಳೆದ ಮೇಲೆ ಸ್ಲೋಪ್ ಅದೇ 0.1297, RSQ ಕೂಡ ಅದೇ 0.9987. ಎಲ್ಲ ಅಂಕಿಗಳನ್ನೂ ಒಂದೇ ಅಳತೆಯಷ್ಟು ಎಡಕ್ಕೆ ಸರಿಸಿದರೆ ಗೆರೆಯ ಓರೆ ಬದಲಾಗುವುದಿಲ್ಲ. ಬದಲಾದದ್ದು ಇಂಟರ್ಸೆಪ್ಟ್ ಮಾತ್ರ. -2.97 ಇದ್ದದ್ದು 0.14 ಆಯಿತು, ಅಂದರೆ ಸೊನ್ನೆ ಅಂತಲೇ ಹೇಳಬಹುದು. ಇದು ನೋಡಿ ನನಗೆ ನಿಜವಾಗಿ ಖುಷಿ ಆಯಿತು.

ಅಂದಾಜಿನ ಕಾಲಮ್ D ಹೀಗೆ, E ಕಾಲಮ್ಮಿನಲ್ಲಿ ನಿಜವಾಗಿ ಬಂದದ್ದರಿಂದ ಅಂದಾಜು ಕಳೆದದ್ದು:

```
D2:  =$H$2*B2+$H$3
E2:  =C2-D2
```

ಎಕ್ಸೆಲ್‌ನಲ್ಲಿ ಒಂದೇ ಏಟಿಗೆ ಉತ್ತರ ಕೊಡುವ FORECAST ಸೂತ್ರ ಇದೆ. ಉತ್ತರ ಇದೇ ಬರುತ್ತದೆ. ಆದರೆ ಸ್ಲೋಪ್ ಮತ್ತು ಇಂಟರ್ಸೆಪ್ಟ್ ಕಣ್ಣ ಮುಂದೆ ಇರುವುದಿಲ್ಲ. ಅದನ್ನೇ ಬಳಸಿದ್ದಿದ್ದರೆ ಆ ಹಲಗೆ ಇವತ್ತಿಗೂ ಅಲ್ಲೇ ಇರುತ್ತಿತ್ತು.

E ಕಾಲಮ್ಮಿನಲ್ಲಿ ಎಂಟೂ ಸಾಲು ಅರ್ಧ ಕೆಜಿಯ ಆಸುಪಾಸಿನಲ್ಲೇ ಇವೆ, ಕೆಲವು ಪ್ಲಸ್, ಕೆಲವು ಮೈನಸ್. ಮೇಲಿನಿಂದ ಕೆಳಗೆ ಯಾವ ಕ್ರಮವೂ ಇಲ್ಲ. ಮೊದಲು ಎಲ್ಲ ಮೈನಸ್, ನಡುವೆ ಎಲ್ಲ ಪ್ಲಸ್, ಮತ್ತೆ ಮೈನಸ್ ಅಂತ ಬಂದಿದ್ದರೆ ಸಂಬಂಧ ನೇರ ಗೆರೆಯದ್ದಲ್ಲ, ಬಾಗಿದ್ದು ಅಂತ ತಿಳಿಯಬೇಕಿತ್ತು. `=STEYX(C2:C9, B2:B9)` ಹಾಕಿದರೆ 0.52 ಬರುತ್ತದೆ, ಅಂಕಿಗಳು ಗೆರೆಯಿಂದ ಸಾಮಾನ್ಯವಾಗಿ ಎಷ್ಟು ಆಚೀಚೆ ಇರುತ್ತವೆ ಅನ್ನೋದು ಇದು, ಕೆಜಿಯಲ್ಲಿ. ಎಂಟೇ ಸಾಲು ಇರುವುದರಿಂದ ನಾನು ಅಂದಾಜಿನ ಮೇಲೆ ಒಂದೂವರೆ ಕೆಜಿ ಆಚೀಚೆ ಇಟ್ಟುಕೊಳ್ಳುತ್ತೇನೆ.

ಈ ಒಂದೂವರೆ ಕೆಜಿ ಮುಂದಿನ ಕೊಯ್ಲಿನಲ್ಲೇ ಉಪಯೋಗಕ್ಕೆ ಬಂತು. ಹಲಗೆ ಇಲ್ಲದೆ ತೂಗಿದ ಹಸಿ ಅಡಿಕೆ 366 ಕೆಜಿ. ಅಂದಾಜು 47.6. ಒಣಗಿತು ಅಂತ ಗುಡ್ಡೆ ಮಾಡಿ ತೂಗಿದಾಗ 52.4 ಬಂತು. ಮನೆಯವರಿಗೆಲ್ಲ ಸಂತೋಷ, ಸುಮಾರು ಐದು ಕೆಜಿ ಜಾಸ್ತಿ! ನನಗೆ ಮಾತ್ರ ಅನುಮಾನ. ಅರ್ಧ ಕೆಜಿ ಆಚೀಚೆ ಆಗುವ ಕಡೆ ಐದು ಕೆಜಿ ಹೇಗೆ? ಎರಡೇ ಕಾರಣ ಸಾಧ್ಯ. ಬಲಿತ ಅಡಿಕೆ ಜಾಸ್ತಿ ಸೇರಿದೆ, ಇಲ್ಲವೇ ಪೂರ್ತಿ ಒಣಗಿಲ್ಲ. ಗುಡ್ಡೆಯ ನಡುವಿನಿಂದ ಕೆಲವು ತೆಗೆದು ಅಡಕತ್ತರಿಯಲ್ಲಿ ಕತ್ತರಿಸಿ ನೋಡಿದೆವು. ಹೊರಗೆ ಗಟ್ಟಿ, ಒಳಗೆ ಇನ್ನೂ ಮೆತ್ತಗೆ. ಆ ವಾರ ಬೆಳಗಿನ ಇಬ್ಬನಿ ತಡವಾಗಿ ಬಿಡುತ್ತಿತ್ತು, ಬಿಸಿಲಿನ ಹೊತ್ತು ಕಡಿಮೆ ಸಿಕ್ಕಿತ್ತು. ಮತ್ತೆ ಹರಡಿ ಒಣಗಿಸಿದ ಮೇಲೆ 48.1ಕ್ಕೆ ಬಂತು. ಹಾಗೇ ಚೀಲ ಕಟ್ಟಿದ್ದರೆ ಬೂಸಲು ಹಿಡಿಯುತ್ತಿತ್ತು.

ಇಲ್ಲಿ RSQ ಬಗ್ಗೆ ಹೇಳಬೇಕಾದದ್ದು ಇದೆ. ಒಣಗದ ಆ 52.4ನ್ನೇ ಒಂಬತ್ತನೇ ಸಾಲಾಗಿ ಸೇರಿಸಿ RSQ ತೆಗೆದು ನೋಡಿದೆ. 0.983! ಯಾರೇ ನೋಡಿದರೂ "ಭಾರೀ ಚೆನ್ನಾಗಿದೆ" ಅನ್ನುವ ಸಂಖ್ಯೆ. ಆದರೆ ಅದರೊಳಗೆ ಶೇಕಡಾ ಹತ್ತರಷ್ಟು ತಪ್ಪಿದ ಒಂದು ಕೊಯ್ಲು ಕೂತಿದೆ. RSQ ಕೇಳುವುದು ಒಂದೇ ಪ್ರಶ್ನೆ. ಒಣ ತೂಕ ಕೊಯ್ಲಿನಿಂದ ಕೊಯ್ಲಿಗೆ 25ರಿಂದ 64ರವರೆಗೆ ಬದಲಾಗುತ್ತದಲ್ಲ, ಆ ಬದಲಾವಣೆಯಲ್ಲಿ ಎಷ್ಟು ಪಾಲನ್ನು ಗೆರೆ ವಿವರಿಸುತ್ತದೆ? ಜಾಸ್ತಿ ಕೊಯ್ದರೆ ಜಾಸ್ತಿ ಒಣ ಅಡಿಕೆ ಅನ್ನೋದು ಯಾರಿಗೂ ಹೊಸ ಸುದ್ದಿ ಅಲ್ಲ. ಹಾಗಾಗಿ ಇಂಥ ಅಂಕಿಗಳಲ್ಲಿ RSQ ಯಾವಾಗಲೂ ಒಂದರ ಹತ್ತಿರವೇ ಇರುತ್ತದೆ. ಹಲಗೆ ಇದ್ದಾಗಲೂ 0.9987, ತೆಗೆದಾಗಲೂ 0.9987 ಇತ್ತು, ನೆನಪಿದೆಯಲ್ಲ? ಅಳತೆ ಸರಿಯೋ ತಪ್ಪೋ ಅದಕ್ಕೆ ಗೊತ್ತಾಗುವುದಿಲ್ಲ. RSQ 0.5 ಬಂದರೆ ಗೆರೆಯನ್ನು ನಂಬಬೇಡಿ ಅನ್ನಬಹುದು. 0.98 ಬಂತು ಅಂತ ನಂಬಿ ಅನ್ನುವಂತಿಲ್ಲ. ಅದಕ್ಕೆ E ಕಾಲಮ್ಮನ್ನೇ ನೋಡಬೇಕು.

ಈಗ E ಕಾಲಮ್ಮಿಗೆ ಬಣ್ಣ ಬರುವಂತೆ ಮಾಡಿದ್ದೇನೆ. ವ್ಯತ್ಯಾಸ 1.5 ಕೆಜಿ ದಾಟಿದರೆ ಕೋಶ ಕೆಂಪಾಗುತ್ತದೆ. ಕೆಂಪಾದ ಸಾಲನ್ನು ಕಾರಣ ತಿಳಿಯುವವರೆಗೆ ಗೆರೆಯ ಲೆಕ್ಕಕ್ಕೆ ಸೇರಿಸುವುದಿಲ್ಲ, ಅಳಿಸುವುದೂ ಇಲ್ಲ. H ಕಾಲಮ್ಮಿನ ಸೂತ್ರಗಳಲ್ಲಿ ಸಾಲುಗಳ ವ್ಯಾಪ್ತಿ ತಾನಾಗಿ ಬೆಳೆಯುವಂತೆ ಮಾಡದೆ ಬಿಟ್ಟದ್ದು ಇದೇ ಕಾರಣಕ್ಕೆ. ಹೊಸ ಸಾಲು ಪರೀಕ್ಷೆ ಆದ ಮೇಲೆ ಕೈಯಾರೆ ಸೇರಿಸುತ್ತೇನೆ.

ಈ ಗೆರೆ ನಡೆಯುವುದು 190ರಿಂದ 490 ಕೆಜಿ ಹಸಿ ಅಡಿಕೆಯ ನಡುವೆ, ನಮ್ಮ ತೋಟದ ಈ ಹದದ ಕೊಯ್ಲಿಗೆ. ಸೀಸನ್ ಮುಂದೆ ಹೋದಂತೆ ಅಡಿಕೆ ಬಲಿಯುತ್ತದೆ, ಸಿಪ್ಪೆಯೊಳಗಿನ ತಿರುಳು ಗಟ್ಟಿಯಾಗುತ್ತದೆ, ಅದೇ ಹಸಿ ತೂಕಕ್ಕೆ ಒಣ ತೂಕ ಜಾಸ್ತಿ ಬರುತ್ತದೆ. ಆಗ E ಕಾಲಮ್ ಪ್ಲಸ್ ಕಡೆಗೇ ವಾಲತೊಡಗುತ್ತದೆ, ಒಂದೆರಡು ಸಾಲಲ್ಲ, ಸಾಲುಸಾಲಾಗಿ. ಒಣಗದ ಒಂದು ಕೊಯ್ಲಿಗೂ ಬಲಿತ ಅಡಿಕೆಗೂ ಇರುವ ಗುರುತು ಇದು. ಬಲಿತ ಕೊಯ್ಲಿಗೆ ಶೀಟಿನಲ್ಲಿ ಬೇರೆ ಪುಟ ಮಾಡಿದ್ದೇನೆ. ಹಣ್ಣಡಿಕೆಯನ್ನು ಸಿಪ್ಪೆ ಸಮೇತ ತಿಂಗಳುಗಟ್ಟಲೆ ಒಣಗಿಸುವ ಚಾಲಿಗಂತೂ ಬೇರೆಯದೇ ಗೆರೆ ಬೇಕು. ಅದರ ತೂಕಗಳನ್ನು ಈ ಸಲ ಹಲಗೆ ಇಲ್ಲದ ಕಾಟಾದಲ್ಲೇ ಬರೆದಿಡುತ್ತಿದ್ದೇವೆ, ನಾಲ್ಕೈದು ಸಾಲು ಆಗುವವರೆಗೆ ಆ ಪುಟದಲ್ಲಿ SLOPE ಹಾಕುವುದಿಲ್ಲ.